ಹನ್ನೆರಡನೇ ಸಾಲಿನ ಕೆಳಗೆ ಸ್ಕೇಲು

ಟೋಕನಕ್ಕ ಮೊದಲ ಸಲ ವೈವಾದಲ್ಲಿ ಸೋತದ್ದು ಓದದೆ ಅಲ್ಲ, ವಿಪರೀತ ಓದಿ. ಇದನ್ನು ಹೇಳಿದರೆ ನಮ್ಮ ಸಂಜೆ ಕಾಲೇಜಿನ ಹುಡುಗರು ನಗುತ್ತಾರೆ. ನಗಲಿ. ಅವರು ಓದಿ ಸೋತವರಲ್ಲವಲ್ಲ.

ನಾನು ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಬಾಗಿಲು ತೆಗೆದು, ಮೇನ್ ಸ್ವಿಚ್ ಹಾಕಿ, ಮೂವತ್ತು ಕಂಪ್ಯೂಟರಿನ ಧೂಳು ಒರೆಸಿ, ಒಳಗೆ ಬರುವವರ ಬ್ಯಾಗು ಇಸಿದುಕೊಂಡು ಟೋಕನ್ ಕೊಡುವುದು ನನ್ನ ಕೆಲಸ. ಪ್ರೋಗ್ರಾಮಿಂಗಿನ ತಲೆಬುಡ ನನಗೆ ತಿಳಿಯದು. ಆದರೂ ವೈವಾ ಹತ್ತಿರ ಬಂತೆಂದರೆ ಮಕ್ಕಳೆಲ್ಲ ಪ್ರಿಂಟ್‌ಔಟ್ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತಾರೆ. ಇದನ್ನು ಶುರು ಮಾಡಿದವರು ಪಾಠ ಹೇಳುವ ಮೇಡಂ. "ನಿಮ್ಮ ಕೋಡನ್ನ ಅಣ್ಣನಿಗೆ ಅರ್ಥ ಆಗೋ ಹಾಗೆ ಹೇಳಿ. ಅವರಿಗೆ ಅರ್ಥ ಆದ್ರೆ ನಿಮಗೆ ಅರ್ಥ ಆಗಿದೆ ಅಂತ" ಎಂದು ಒಂದು ವರ್ಷ ತಮಾಷೆಗೆ ಹೇಳಿದರು. ತಮಾಷೆ ಪದ್ಧತಿಯಾಗಿ ಕೂತಿತು. ಏನೂ ತಿಳಿಯದಿರುವುದೇ ಅರ್ಹತೆ ಎನ್ನುವ ಕೆಲಸ ಇನ್ನೆಲ್ಲಿ ಸಿಗುತ್ತದೆ ಹೇಳಿ.

ನನ್ನ ಬಳಿ ಒಂದು ಸ್ಟೀಲ್ ಸ್ಕೇಲಿದೆ. ಅದನ್ನು ಪ್ರಿಂಟ್‌ಔಟಿನ ಮೊದಲ ಸಾಲಿನ ಕೆಳಗೆ ಇಡುತ್ತೇನೆ. ಆ ಸಾಲು ಏನು ಮಾಡುತ್ತದೆ, ಯಾಕೆ ಅಲ್ಲಿದೆ, ಅದಿಲ್ಲದಿದ್ದರೆ ಏನಾಗುತ್ತದೆ, ಮೂರೂ ಹೇಳಬೇಕು. ನನಗೆ ಒಪ್ಪಿಗೆಯಾದರೆ ಸ್ಕೇಲು ಒಂದು ಸಾಲು ಕೆಳಗಿಳಿಯುತ್ತದೆ. ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಎಷ್ಟು ಗೋಗರೆದರೂ ಸರಿಸುವವನಲ್ಲ ನಾನು. ಆ ಸ್ಕೇಲನ್ನು ಯಾರಿಗೂ ಕೊಡುವವನೂ ಅಲ್ಲ. ಕೊಟ್ಟದ್ದು ಯಾವುದೂ ಈ ಕಾಲೇಜಿನಲ್ಲಿ ವಾಪಸು ಬಂದದ್ದಿಲ್ಲ.

ಟೋಕನಕ್ಕನಿಗೆ ನಲವತ್ತೆರಡು. ಹಗಲು ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕೂತು ರೋಗಿಗಳಿಗೆ ಟೋಕನ್ ಚೀಟಿ ಕೊಡುವ ಕೆಲಸ. ಸಂಜೆ ನಮ್ಮಲ್ಲಿ ಡಿಪ್ಲೊಮಾ ಓದು. ಹೆಸರಿಟ್ಟವರು ಕ್ಲಾಸಿನ ಹುಡುಗರು, ಆಕೆಗೂ ಬೇಜಾರಿರಲಿಲ್ಲ. ಮದುವೆಯಾದ ಮೇಲೆ ಬಿಟ್ಟ ಓದನ್ನು, ಗಂಡ ತೀರಿಕೊಂಡ ಮೇಲೆ, ಮಗಳು ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ಹಿಡಿದಿದ್ದರು. ಮನೆಯಲ್ಲಿ ಕಂಪ್ಯೂಟರಿಲ್ಲ. ಲ್ಯಾಬಿನಲ್ಲಿ ಕೂತಷ್ಟು ಹೊತ್ತೇ ಕಲಿಕೆ. ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲಿ.

ಪ್ರತಿಯೊಬ್ಬರೂ ತಮ್ಮದೇ ಕೆಲಸಕ್ಕೆ ಬೇಕಾದ ಒಂದು ಪುಟ್ಟ ಪ್ರೋಗ್ರಾಂ ಬರೆಯಬೇಕು ಎಂಬುದು ಮೇಡಂ ಇಟ್ಟ ನಿಯಮ. ಟೋಕನಕ್ಕ ಟೋಕನ್ನನ್ನೇ ಹಿಡಿದರು. ಕ್ಲಿನಿಕ್ಕಿನಲ್ಲಿ ರೋಗಿಯ ಕಣ್ಣಿಗೆ ಹನಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರಂತೆ. ಕೂರಿಸಿದವರೆಲ್ಲ ಕೂರುತ್ತಾರೆಯೇ? ಒಬ್ಬರು ಟೀ ಕುಡಿಯಲು, ಒಬ್ಬರು ಫೋನ್ ಹಿಡಿದುಕೊಂಡು ಆಚೆಗೆ. ಚೀಟಿಗಳು ಟ್ರೇಯಲ್ಲಿ ಹಿಂದುಮುಂದಾಗುತ್ತವೆ. ಹಿಂದಿನವರನ್ನು ಮೊದಲು ಕರೆದರೆ ಜಗಳ. ಹಾಗಾಗಿ ನಂಬರುಗಳನ್ನು ಹೇಗೆ ಬೇಕಾದರೂ ಟೈಪ್ ಮಾಡಿ, ಕಂಪ್ಯೂಟರು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕೊಡಬೇಕು. ಹದಿನೈದು ಸಾಲಿನ ಪ್ರೋಗ್ರಾಂ. ಆಕೆಗೆ ಅದನ್ನು ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ನಾನು ಕಣ್ಣಾರೆ ಕಂಡಿದ್ದೇನೆ, ಒಂದೊಂದು ಸಾಲನ್ನೂ ಹೊಡೆದು, ಅಳಿಸಿ, ಮತ್ತೆ ಹೊಡೆದದ್ದನ್ನು.

ಆದರೆ ಮೊದಲ ವೈವಾಕ್ಕೆ ಆಕೆ ನನ್ನ ಮೇಜಿಗೆ ಬರಲಿಲ್ಲ. ಮಕ್ಕಳ ಜತೆ ಸಾಲು ನಿಲ್ಲಲು ನಾಚಿಕೆ. ಮನೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದುಕೊಂಡರು: ಒಂದನೇ ಸಾಲು ಇದು ಮಾಡುತ್ತದೆ, ಎರಡನೇ ಸಾಲು ಅದು ಮಾಡುತ್ತದೆ, ಹೀಗೆ ಹದಿನೈದೂ. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ, ಬಸ್ಸಿನಲ್ಲಿ ಜೋತಾಡುತ್ತ ಬಾಯಿಪಾಠ ಮಾಡಿದರು. ನಿದ್ದೆಯಲ್ಲಿ ಎಬ್ಬಿಸಿ ಹತ್ತನೇ ಸಾಲು ಅಂದರೂ ಒಪ್ಪಿಸುವಷ್ಟು.

ಪರೀಕ್ಷೆಗೆ ಒಪ್ಪಿಸುವ ಫೈಲಿನಲ್ಲಿ ಮೇಲೆ ಎರಡು ಸಾಲು ಸೇರಿಸಬೇಕು ಎಂದು ಕಡೇ ದಿನ ನೋಟೀಸು ಬಂತು. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ನೋಂದಣಿ ಸಂಖ್ಯೆ. ಕಂಪ್ಯೂಟರು ಅವನ್ನು ಓದುವುದಿಲ್ಲ, ಮನುಷ್ಯರಿಗಾಗಿ ಇರುವ ಸಾಲುಗಳು. ಟೋಕನಕ್ಕ ಸೇರಿಸಿ ಪ್ರಿಂಟು ತೆಗೆಸಿ ಒಪ್ಪಿಸಿದರು. ಹದಿನೈದು ಸಾಲು ಹದಿನೇಳಾಯಿತು. ಹತ್ತನೆಯದು ಹನ್ನೆರಡನೆಯದಾಯಿತು. ನೋಟ್‌ಬುಕ್ಕು ಮಾತ್ರ ಹಳೇ ನಂಬರಿನಲ್ಲೇ ಉಳಿಯಿತು. ತಲೆಯೂ.

ಹೊರಗಿನಿಂದ ಬಂದ ಪರೀಕ್ಷಕರು ಹಸಿರು ಶಾಯಿಯಲ್ಲಿ ಬರೆಯುವವರು. ಕೆಟ್ಟವರಲ್ಲ, ದಿನಕ್ಕೆ ನಲವತ್ತು ಮಂದಿಯನ್ನು ಕೇಳುವವರ ಮುಖ ಹೇಗಿರಬೇಕೋ ಹಾಗಿತ್ತು. "ಹನ್ನೆರಡನೇ ಸಾಲು ವಿವರಿಸಿ" ಎಂದರು. ಟೋಕನಕ್ಕ ಕಾಗದ ನೋಡದೆ, ಗಿಳಿಯ ಹಾಗೆ, "ಹಿಂದಿನ ಟೋಕನ್ನನ್ನ ಮುಂದಿನ ಜಾಗಕ್ಕೆ ಹಾಕುತ್ತೆ ಸರ್" ಎಂದರು. ಅಲ್ಲಿದ್ದದ್ದು ಎರಡು ಟೋಕನ್ನುಗಳಲ್ಲಿ ಯಾವುದು ದೊಡ್ಡದು ಎಂದು ನೋಡುವ ಸಾಲು. ಪರೀಕ್ಷಕರು ಹುಬ್ಬೇರಿಸಿದರು. "ಹದಿನಾಲ್ಕು?" "ಒಂದೊಂದೇ ಟೋಕನ್ ತಗೊಂಡು ಪ್ರಿಂಟ್ ಮಾಡೋಕೆ ಸರ್." "ಇಲ್ಲಿ ಪ್ರಿಂಟ್ ಎಲ್ಲಿದೆ ಅಮ್ಮ?" ಟೋಕನಕ್ಕ ಕಾಗದ ನೋಡಿದರು. ಇರಲಿಲ್ಲ. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ; ಆಕೆಯ ಕತ್ತಿನ ಹಿಂಭಾಗ ಬೆವರುವುದು ಅಲ್ಲಿಗೇ ಕಾಣಿಸುತ್ತಿತ್ತು.

ಅಂಕದ ಹಾಳೆಯಲ್ಲಿ ಹಸಿರು ಶಾಯಿಯಲ್ಲಿ ಹೀಗೆ ಬಿತ್ತು: "ಸ್ವಂತ ಬರವಣಿಗೆ ಎಂದು ತೋರುವುದಿಲ್ಲ. ಮತ್ತೊಮ್ಮೆ ಮೌಖಿಕ." ಲ್ಯಾಬಿನ ರೆಕಾರ್ಡು ಪುಸ್ತಕದ ಕೊನೆಯ ಪುಟದಲ್ಲಿ, 'ಈ ಪ್ರೋಗ್ರಾಮನ್ನು ನಾನೇ ಬರೆದಿದ್ದೇನೆ' ಎಂದು ಅಚ್ಚಾಗಿರುವ ಸಾಲಿನ ಕೆಳಗೆ, ಅವರು ಸಹಿ ಹಾಕದೆ ಖಾಲಿ ಬಿಟ್ಟರು.

ಮತ್ತೊಮ್ಮೆ ಎಂದರೆ ಒಂದೇ ಸಲ. ಎರಡನೇ ಮೌಖಿಕದಲ್ಲೂ ಹೋದರೆ ಡಿಪ್ಲೊಮಾ ಇಲ್ಲ.

ಮೂರು ದಿನ ಟೋಕನಕ್ಕ ಲ್ಯಾಬಿನ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಐದೂವರೆಗೆ, ಇನ್ನೂ ಯಾರೂ ಬಂದಿರದಾಗ, ಬಂದು ನನ್ನ ಮೇಜಿನ ಮುಂದೆ ನಿಂತರು.

"ಅಣ್ಣ, ಅಂಕದ ಹಾಳೆಯ ನಕಲು ಮಗಳ ಕೈಗೆ ಸಿಕ್ತು."

"ಸಿಕ್ಕಿದ್ರೆ ಏನಾಯ್ತಮ್ಮ?"

"ಏನೂ ಅನ್ನಲಿಲ್ಲ. ಊಟ ಮಾಡ್ತಾ ಮೆಲ್ಲಗೆ ಕೇಳಿದ್ಲು. ಅಮ್ಮಾ, ನೀನು ಕಾಪಿ ಹೊಡೆದ್ಯಾ ಅಂತ. ಹೋದ ವರ್ಷ ಅವಳು ಪಕ್ಕದ ಹುಡುಗಿ ಹತ್ರ ಒಂದು ಲೆಕ್ಕ ನೋಡಿ ಬರೆದಳು ಅಂತ ಎರಡು ದಿನ ಮಾತು ಬಿಟ್ಟವಳು ನಾನು."

"ನೀವೇನಂದ್ರಿ?"

"ಇಲ್ಲ ಅಂದೆ. ಅವಳು ಹೂಂ ಅಂದ್ಲು. ಆ ಹೂಂ ಇದೆಯಲ್ಲ ಅಣ್ಣ..."

ನಾನು ಡ್ರಾಯರಿನಿಂದ ಸ್ಕೇಲು ತೆಗೆದೆ. ಪ್ರಿಂಟ್‌ಔಟ್ ತೆಗೆದುಕೊಂಡು, ಎಡಗಡೆ ಸಾಲಿನ ನಂಬರಿರುವ ಅಂಚನ್ನು ಪೂರ್ತಿ ಹಿಂದಕ್ಕೆ ಮಡಿಸಿದೆ. "ನಂಬರು ಇಲ್ಲಿ ಸತ್ತುಹೋಯ್ತು. ನೋಟ್‌ಬುಕ್ಕು ಬ್ಯಾಗಲ್ಲಿ, ಬ್ಯಾಗು ಮೊಳೆಗೆ. ಎರಡು ವಾರ ಇದೆ. ಶುರು ಮಾಡಿ."

ಮೊದಲ ದಿನ ಅರ್ಧ ಗಂಟೆಯಲ್ಲಿ ಸ್ಕೇಲು ಎರಡೇ ಸಾಲು ಇಳಿಯಿತು. ಆಕೆಗೆ ಬಾಯಿಪಾಠ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟವಾಗಿತ್ತು. ನಾನು 'ಯಾಕೆ' ಅಂದ ಕೂಡಲೇ ನೋಟ್‌ಬುಕ್ಕಿನ ಮಾತು ನಾಲಿಗೆಗೆ ಬರುತ್ತಿತ್ತು. "ಅದು ನಿಮ್ಮ ಪುಸ್ತಕ ಹೇಳ್ತಿದೆ, ನೀವು ಹೇಳಿ" ಎಂದು ಬೈದೆ. ಹೌದು, ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇಕೆ.

ಐದನೇ ದಿನದ ಹೊತ್ತಿಗೆ ದಾರಿಗೆ ಬಂದರು.

"ಈ ಸಾಲು ಹೇಳೋದು, ಕೆಳಗಿನ ಕೆಲಸ ಮತ್ತೆ ಮತ್ತೆ ಮಾಡ್ತಾನೇ ಇರು ಅಂತ. ಇದಕ್ಕೆ ನಿಲ್ಲಿಸೋದು ಗೊತ್ತಿಲ್ಲ ಅಣ್ಣ."

"ಹಾಗಾದ್ರೆ ನಿಲ್ಲಿಸೋರು ಯಾರು? ಬೆಳಗಾನ ಟೋಕನ್ ಕೇಳ್ತಾ ಕೂರುತ್ತಾ?"

"ನಾನು ಏನೂ ಬರೆಯದೆ ಸುಮ್ನೆ ಎಂಟರ್ ಒತ್ತಿದ್ರೆ, ಅದಕ್ಕೆ ಖಾಲಿ ಬರುತ್ತೆ. ಈ ಕೆಳಗಿನ ಸಾಲು, ಬಂದದ್ದು ಖಾಲಿಯಾ ಅಂತ ನೋಡುತ್ತೆ. ಖಾಲಿ ಆದ್ರೆ ಆಚೆಗೆ ಬಾ ಅನ್ನುತ್ತೆ. ಖಾಲಿ ಅಲ್ಲದಿದ್ರೆ ಪಟ್ಟಿಗೆ ಸೇರಿಸುತ್ತೆ."

ಸ್ಕೇಲು ಸರಸರ ನಾಲ್ಕು ಸಾಲು ಇಳಿಯಿತು.

ಜಾಗ ಅದಲುಬದಲು ಮಾಡಲು ಮೂರು ಸಾಲು ಯಾಕೆ ಎಂದು ಕೇಳಿದಾಗ ಆಕೆ ಎದ್ದು, ಬ್ಯಾಗಿಗೆ ನಾನು ಕೊಡುವ ಟೋಕನ್ನುಗಳ ಹಲಗೆಯ ಬಳಿ ಹೋದರು. ಗೋಡೆಯ ಮೇಲೆ ಸಾಲಾಗಿ ಮೊಳೆ, ಒಂದೊಂದು ಮೊಳೆಗೆ ನಂಬರು ಕೊರೆದ ಒಂದೊಂದು ತಗಡಿನ ಬಿಲ್ಲೆ. "ಒಂದು ಮೊಳೆಗೆ ಒಂದೇ ಬಿಲ್ಲೆ ಅಂದುಕೊಳ್ಳಿ. ಇದನ್ನ ತೆಗೆದು ಮೊದಲು ಕೈಯಲ್ಲಿ ಇಟ್ಕೋಬೇಕು. ಆಮೇಲೆ ಅದನ್ನ ಇಲ್ಲಿಗೆ. ಆಮೇಲೆ ಕೈಲಿರೋದನ್ನ ಅಲ್ಲಿಗೆ. ಕೈಯಲ್ಲಿ ಇಟ್ಕೊಳ್ಳೋ ಸಾಲು ಬಿಟ್ರೆ ಒಂದು ಬಿಲ್ಲೆ ಕಳೆದೇ ಹೋಗುತ್ತೆ, ಇನ್ನೊಂದು ಎರಡಾಗುತ್ತೆ." ಅಷ್ಟು ವರ್ಷ ಆ ಹಲಗೆ ನೋಡಿದ ನನಗೇ ಹೊಳೆದಿರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಈಕೆ ಪಾಸಾಗುತ್ತಾರೆ ಅಂದುಕೊಂಡೆ.

ಕೊನೆಯ ಸಂಜೆ ಬಂತು. ಮರುದಿನ ಬೆಳಗ್ಗೆ ಹತ್ತಕ್ಕೆ ವೈವಾ. ಒಂದು ಸಲ ಮೊದಲಿನಿಂದ ಕೊನೆಯ ತನಕ ಹೇಳಿ ಮನೆಗೆ ಹೋಗುವುದು ಎಂದು ಕೂತೆವು. ಹನ್ನೆರಡನೇ ಸಾಲಿನ ಕೆಳಗೆ ಸ್ಕೇಲು ಬಂತು.

"ಅಕ್ಕಪಕ್ಕದ ಎರಡು ಟೋಕನ್ ನೋಡುತ್ತೆ. ಮೊದಲನೇದು ದೊಡ್ಡದಿದ್ರೆ ಅದಲುಬದಲು."

"ದೊಡ್ಡದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಸುಮ್ಮನೆ ಕೇಳಿದ್ದು. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

"ನೋಡಿ... ನಂಬರು ನೋಡಿ."

"ನಂಬರು ಅಂತ ಅದಕ್ಕೆ ಯಾರು ಹೇಳಿದ್ರು?"

ಟೋಕನಕ್ಕನ ಬೆರಳು ನಿಧಾನವಾಗಿ ಮೇಲಕ್ಕೆ ಹೋಯಿತು, ಟೋಕನ್ ಕೇಳುವ ಐದನೇ ಸಾಲಿಗೆ. "ಕೀಬೋರ್ಡಿನಿಂದ ಬಂದದ್ದನ್ನ ಅದು ಅಕ್ಷರ ಅಂತಾನೇ ತಗೊಳ್ಳುತ್ತೆ ಅಂತ ಮೇಡಂ ಹೇಳಿದ್ರು. ಹೆಸರು ಬರೆದ ಹಾಗೆ. ನಾವು ಹೇಳಿದ್ರೆ ಮಾತ್ರ ನಂಬರು ಮಾಡಿಕೊಳ್ಳುತ್ತೆ." ಆ ಸಾಲನ್ನು ಮತ್ತೊಮ್ಮೆ ಓದಿ, "ನಾನು ಹೇಳೇ ಇಲ್ಲ" ಎಂದರು.

"ಹೇಳದಿದ್ರೆ ಏನಾಗುತ್ತೆ?"

"ಡಿಕ್ಷನರಿ ಥರ ಜೋಡಿಸುತ್ತೆ. ಮೊದಲ ಅಕ್ಷರ ನೋಡಿ." ಆಕೆಯ ಕಣ್ಣು ಬಿಲ್ಲೆಯ ಹಲಗೆಯ ಮೇಲೆ ನೆಟ್ಟಿತ್ತು. "ಒಂಬತ್ತು, ಹತ್ತು. ಹತ್ತರಲ್ಲಿ ಮೊದಲು ಇರೋದು ಒಂದು. ಒಂಬತ್ತಕ್ಕಿಂತ ಒಂದು ಚಿಕ್ಕದು. ಅಣ್ಣ, ಹತ್ತು ಮುಂದೆ ಬರುತ್ತೆ."

ಓಡಿಸಿ ನೋಡಿದೆವು. ಒಂಬತ್ತು, ಹತ್ತು ಎಂದು ಟೈಪ್ ಮಾಡಿ ಎಂಟರ್ ಒತ್ತಿದರು. ಹತ್ತು, ಒಂಬತ್ತು ಎಂದು ಬಂತು. ನೂರು ಕೊಟ್ಟರು. ನೂರು ಎಲ್ಲರಿಗಿಂತ ಹಿಂದೆ ಹೋಗಬೇಕಾದದ್ದು ಒಂಬತ್ತಕ್ಕಿಂತ ಮುಂದೆ ಬಂದು ಕೂತಿತು.

ಒಂದೂವರೆ ತಿಂಗಳು ಇದು ಯಾಕೆ ಕಾಣಲಿಲ್ಲ? ಅದನ್ನೂ ಆಕೆಯೇ ಹೇಳಿದರು. ಕ್ಲಿನಿಕ್ಕಿನಲ್ಲಿ ಒಂದರಿಂದ ಹತ್ತು ಆಪರೇಷನ್ ಆದವರಿಗೆ ಮೀಸಲು. ಅವರು ಟ್ರೇಗೆ ಬರುವುದೇ ಇಲ್ಲ, ನೇರ ಒಳಗೆ. ಆಕೆಯ ಟ್ರೇ ಶುರುವಾಗುವುದು ಹನ್ನೊಂದರಿಂದ. ಎಪ್ಪತ್ತು ದಾಟಿದ ದಿನ ಇಲ್ಲ. ಎಲ್ಲವೂ ಎರಡೆರಡು ಅಂಕಿಯವು. ಎರಡೆರಡು ಅಂಕಿಯೇ ಇದ್ದರೆ ಅಕ್ಷರದಂತೆ ಜೋಡಿಸಿದರೂ ನಂಬರಿನಂತೆ ಜೋಡಿಸಿದರೂ ಒಂದೇ. ಟ್ರೇಯಲ್ಲಿ ಬರುವ ನಂಬರುಗಳನ್ನೇ ಕೊಟ್ಟು ಕೊಟ್ಟು ನೋಡಿ ಸರಿಯಿದೆ ಅಂದುಕೊಂಡಿದ್ದರು. ಟೋಕನ್ ಕೊಡುವವರು ಮಾತ್ರ ಮಾಡಬಲ್ಲ ತಪ್ಪು.

ಮೇಡಂಗೆ ಫೋನ್ ಮಾಡಿದರು. ನಾನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. "ಒಪ್ಪಿಸಿದ ಫೈಲು ಲಾಕ್ ಆಗಿದೆ, ಈಗ ನಾನೂ ಮುಟ್ಟೋ ಹಾಗಿಲ್ಲ" ಎಂದರು ಮೇಡಂ. "ಅವರಾಗಿ ಕೇಳಿದ್ರೆ ಹೇಳಿ. ಕೇಳದಿದ್ರೆ ಸುಮ್ನಿರಿ. ನಿಮಗೆ ಇರೋದು ಇದೊಂದೇ ಅವಕಾಶ."

ಅಷ್ಟರಲ್ಲಿ ಲ್ಯಾಬು ಮುಚ್ಚುವ ಹೊತ್ತಾಗಿ ಕಾವಲುಗಾರ ಬೀಗ ಅಲ್ಲಾಡಿಸುತ್ತ ನಿಂತ. ಟೋಕನಕ್ಕ ಒಂದು ಚೀಟಿಯಲ್ಲಿ ಐದನೇ ಸಾಲನ್ನು ತಿದ್ದಿ ಬರೆದುಕೊಂಡರು: ಕೇಳಿದ್ದನ್ನು ಕೇಳಿದ ಕೂಡಲೇ ನಂಬರು ಮಾಡಿಬಿಡುವುದು. ಓಡಿಸಿ ನೋಡಲು ಸಮಯವಿರಲಿಲ್ಲ. ಚೀಟಿಯನ್ನು ಪರ್ಸಿನಲ್ಲಿಟ್ಟು ಹೊರಟರು. ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡು ಇಳಿದರು, ಯಾವತ್ತೂ ಹಿಡಿಯುತ್ತಿರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಎರಡು ವಾರ ಕಟ್ಟಿದ್ದನ್ನು ಕಡೇ ಗಳಿಗೆಯಲ್ಲಿ ಬಾಯಿ ಹಾಕಿ ಕೆಡಿಸಿದೆನಲ್ಲ ಎಂದು ಹೆಂಡತಿಯ ಮೇಲೆ ರೇಗಿದೆ. ಅವಳೇನು ಮಾಡಿದ್ದಳು ಪಾಪ.

ಬೆಳಗ್ಗೆ ಅದೇ ಪರೀಕ್ಷಕರು. ಅದೇ ಹಸಿರು ಪೆನ್ನು. ಎರಡನೇ ಮೌಖಿಕಕ್ಕೆ ಮೂವರೇ ಇದ್ದರು, ಟೋಕನಕ್ಕ ಮೂರನೆಯವರು. ಕಾರಿಡಾರಿನ ಬೆಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ನಾನು ಹೆಸರು ಕರೆದಾಗ ಎದ್ದವರು ಒಂದು ಹೆಜ್ಜೆ ಇಟ್ಟು ನಿಂತರು. "ಕಾಲು ಬರ್ತಿಲ್ಲ ಅಣ್ಣ" ಎಂದರು. ಬರುತ್ತೆ ಬನ್ನಿ ಎಂದೆ.

ಪರೀಕ್ಷೆ ನಡೆಯುವಾಗ ಯಂತ್ರ ಕೈಕೊಟ್ಟರೆ ನೋಡಲು ನಾನು ಬಾಗಿಲ ಒಳಗೆ ನಿಂತಿರಬೇಕು. ಮಾತಾಡುವ ಹಾಗಿಲ್ಲ. ಸ್ಕೇಲನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತೆ.

ಪರೀಕ್ಷಕರು ಹಳೇ ಹಾಳೆ ನೋಡಿ, ಆಕೆಯ ಮುಖ ನೋಡಿ, "ಹನ್ನೆರಡನೇ ಸಾಲಿನಿಂದಲೇ ಶುರು ಮಾಡೋಣ" ಎಂದರು.

ಟೋಕನಕ್ಕ ಈ ಸಲ ಕಾಗದ ನೋಡಿದರು. ಅಕ್ಕಪಕ್ಕದ ಎರಡನ್ನು ಹೋಲಿಸುವ ಸಾಲು, ಮೊದಲನೆಯದು ದೊಡ್ಡದಿದ್ದರೆ ಕೆಳಗಿನ ಮೂರು ಸಾಲು ಓಡುತ್ತವೆ, ಇಲ್ಲದಿದ್ದರೆ ಇಲ್ಲ ಎಂದು ಬಿಡಿಸಿ ಹೇಳಿದರು. ಮಾತು ಸರಿಯಿತ್ತು. ಪರೀಕ್ಷಕರು ಓಡಿಸಿ ತೋರಿಸಲು ಹೇಳಿ ತಾವೇ ನಂಬರು ಕೊಟ್ಟರು: ಮೂವತ್ತನಾಲ್ಕು, ಹನ್ನೆರಡು, ಐವತ್ತಾರು. ಹನ್ನೆರಡು, ಮೂವತ್ತನಾಲ್ಕು, ಐವತ್ತಾರು ಎಂದು ಬಂತು. "ಸರಿ" ಎಂದು ಪೆನ್ನಿನ ಕ್ಯಾಪು ತೆಗೆದರು.

ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೆ ಸಹಿ ಬೀಳುತ್ತದೆ. ನಾನು ಮನಸ್ಸಿನಲ್ಲೇ, ಸುಮ್ಮನಿರಮ್ಮ, ದಯವಿಟ್ಟು ಸುಮ್ಮನಿರು ಎನ್ನುತ್ತಿದ್ದೆ. ಹೌದು, ನಾನೇ. ಮಕ್ಕಳಿಗೆ ಸಾಲು ಸಾಲಿಗೂ ಯಾಕೆ ಯಾಕೆ ಎಂದು ಪ್ರಾಣ ತಿನ್ನುವವನು.

"ಸರ್, ಇದರಲ್ಲಿ ಒಂದು ತಪ್ಪಿದೆ" ಎಂದರು ಟೋಕನಕ್ಕ.

ಪೆನ್ನು ನಿಂತಿತು.

"ಒಂಬತ್ತು, ಹತ್ತು ಕೊಟ್ರೆ ತಪ್ಪು ಬರುತ್ತೆ. ನಾನು ಅಕ್ಷರ ಅಂತ ತಗೊಂಡಿದ್ದೀನಿ, ನಂಬರು ಮಾಡಿಲ್ಲ. ನಿನ್ನೆ ಸಾಯಂಕಾಲ ಗೊತ್ತಾಯ್ತು."

"ಗೊತ್ತಾಗಿದ್ರೆ ಯಾಕೆ ತಿದ್ದಲಿಲ್ಲ?"

"ಫೈಲು ಲಾಕ್ ಆಗಿತ್ತು ಸರ್."

ಪರೀಕ್ಷಕರು ಕುರ್ಚಿಗೆ ಒರಗಿದರು. ಮುಖದಲ್ಲಿ ಸಿಟ್ಟಿತ್ತೋ ಆಸಕ್ತಿಯಿತ್ತೋ ನನಗೆ ತಿಳಿಯಲಿಲ್ಲ. "ಒಂದು ಪ್ರತಿ ಮಾಡ್ಕೊಂಡು ಈಗ ತಿದ್ದಿ. ನನ್ನ ಮುಂದೆ."

ಆಕೆ ಚೀಟಿ ತೆಗೆಯಲಿಲ್ಲ, ನೆನಪಿತ್ತು. ಐದನೇ ಸಾಲಿಗೆ ಹೋಗಿ, ಕೇಳಿದ್ದನ್ನು ಅಲ್ಲೇ ನಂಬರು ಮಾಡುವಂತೆ ಬದಲಿಸಿದರು. ಓಡಿಸಿದರು. ಒಂಬತ್ತು. ಹತ್ತು. ಮುಗಿಯಿತು ಎನ್ನಲು ಖಾಲಿ ಎಂಟರ್.

ಪರದೆಯ ತುಂಬ ಕೆಂಪು ಅಕ್ಷರ. ಪ್ರೋಗ್ರಾಂ ಸತ್ತುಬಿದ್ದಿತ್ತು.

ಟೋಕನಕ್ಕನ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು. ಅದೇ ಕತ್ತು, ಅದೇ ಬೆವರು. ಬಾಯಿ ಕಟ್ಟಿಹೋಯಿತು ಎಂದು ನೋಡಿದ ಕೂಡಲೇ ಗೊತ್ತಾಯಿತು. ಪರೀಕ್ಷಕರು ಗಡಿಯಾರ ನೋಡಿದರು. ನನ್ನ ಬೆನ್ನ ಹಿಂದೆ ಸ್ಕೇಲಿನ ಅಂಚು ಅಂಗೈಗೆ ಒತ್ತುತ್ತಿತ್ತು. ಹೋಗಿ ಆ ಪರದೆಯ ಮೇಲೆ ಇಟ್ಟುಬಿಡಲೇ ಅನ್ನಿಸಿತು. ಇಟ್ಟರೆ ಆಕೆಯ ಪರೀಕ್ಷೆ ರದ್ದು, ನನ್ನ ಕೆಲಸವೂ ಹೋಗುತ್ತದೆ. ಜೀವ ಕೈಯಲ್ಲಿ ಹಿಡಿದುಕೊಂಡು ನಿಂತೆ.

ಆಗ ಟೋಕನಕ್ಕ ಎಡಗೈಯ ತೋರುಬೆರಳನ್ನು ಎತ್ತಿ, ಅಡ್ಡಲಾಗಿ, ಪರದೆಯ ಮೇಲೆ ಮೂರನೇ ಸಾಲಿನ ಕೆಳಗೆ ಇಟ್ಟರು.

"ಇದು ಖಾಲಿ ಪಟ್ಟಿ. ಟೋಕನ್ ಹಾಕಿಡೋಕೆ" ಎಂದರು, ಯಾರಿಗೂ ಅಲ್ಲ ಎಂಬಂತೆ. ಬೆರಳು ಕೆಳಗಿಳಿಯಿತು. "ಇದಕ್ಕೆ ನಿಲ್ಲಿಸೋದು ಗೊತ್ತಿಲ್ಲ, ಕೇಳ್ತಾನೇ ಇರುತ್ತೆ." ಇನ್ನೊಂದು ಸಾಲು. "ಇದು ಟೋಕನ್ ಕೇಳುತ್ತೆ, ಬಂದದ್ದನ್ನ ನಂಬರು ಮಾಡುತ್ತೆ. ಒಂಬತ್ತು ಬಂತು, ಆಯ್ತು. ಹತ್ತು ಬಂತು, ಆಯ್ತು. ಆಮೇಲೆ ನಾನು ಸುಮ್ನೆ ಎಂಟರ್ ಒತ್ತಿದೆ. ಖಾಲಿ ಬಂತು." ಬೆರಳು ಅಲ್ಲೇ ನಿಂತಿತು. ಸರಿಯಲಿಲ್ಲ. "ಖಾಲೀನ ನಂಬರು ಮಾಡು ಅಂದ್ರೆ ಅದೇನು ಮಾಡುತ್ತೆ ಅಣ್ಣ? ಆಗಲ್ಲ. ಖಾಲಿಯಾ ಅಂತ ನೋಡೋ ಸಾಲು ಇದರ ಕೆಳಗಿದೆ. ಅಲ್ಲಿಗೆ ತಲುಪೋ ಮೊದಲೇ ಬಿದ್ದುಹೋಯ್ತು."

ಪರೀಕ್ಷಕರನ್ನು ಅಣ್ಣ ಅಂದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಅವರೂ ತಿದ್ದಲಿಲ್ಲ. ಮುಂದಕ್ಕೆ ಬಾಗಿ ಪರದೆ ನೋಡುತ್ತಿದ್ದರು.

"ಅಂದ್ರೆ ಇಲ್ಲಿ ಮಾಡಬಾರದು. ಮೊದಲು ಖಾಲಿಯಾ ನೋಡ್ಲಿ. ಖಾಲಿ ಅಲ್ಲ ಅಂತ ಗೊತ್ತಾದ ಮೇಲೆ, ಪಟ್ಟಿಗೆ ಸೇರಿಸೋವಾಗ ನಂಬರು ಮಾಡ್ಲಿ." ಐದನೇ ಸಾಲನ್ನು ಮೊದಲಿದ್ದ ಹಾಗೆ ಮಾಡಿದರು. ಎಂಟನೇ ಸಾಲಿಗೆ ಬಂದು, ಸೇರಿಸುವ ಕಡೆ ನಂಬರು ಮಾಡಿದರು. ಎರಡು ಸಲ ತಪ್ಪು ಕೀಲಿ ಒತ್ತಿ ಅಳಿಸಿದರು. ಓಡಿಸಿದರು. ಹತ್ತು. ನೂರು. ಒಂಬತ್ತು. ಖಾಲಿ ಎಂಟರ್.

ಒಂಬತ್ತು, ಹತ್ತು, ನೂರು ಎಂದು ಬಂತು.

ಟೋಕನಕ್ಕ ಬೆರಳನ್ನು ಪರದೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಪರೀಕ್ಷಕರು ರೆಕಾರ್ಡಿನ ಕೊನೆಯ ಪುಟ ತೆರೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಹಿ ಹಾಕಿದರು. ಹಳೇ ಹಾಳೆಯನ್ನು ನೋಡಿ, "ಇದನ್ನ ಅಳಿಸೋಕೆ ನನಗೆ ಅಧಿಕಾರ ಇಲ್ಲ ಅಮ್ಮ" ಎಂದರು. ಅದರ ಕೆಳಗೆ ಒಂದು ಸಾಲು ಸೇರಿಸಿದರು: "ಸ್ವಂತ ಬರವಣಿಗೆ. ಸ್ವಂತ ತಪ್ಪು, ಸ್ವಂತ ತಿದ್ದುಪಡಿ. ತೇರ್ಗಡೆ." ಒಂದು ನಕಲನ್ನು ಆಕೆಯ ಕೈಗೂ ಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕೂತು ಟೋಕನಕ್ಕ ಅತ್ತರು. ನಾನು ನೀರು ತಂದುಕೊಟ್ಟೆ. ಹೆಂಗಸರು ಅಳುವಾಗ ಎಲ್ಲಿ ನೋಡಬೇಕೆಂದು ನನಗೆ ಈ ವಯಸ್ಸಿಗೂ ಗೊತ್ತಿಲ್ಲ. ನೋಟೀಸ್ ಬೋರ್ಡು ಓದುತ್ತ ನಿಂತೆ.

"ಹದಿನಾಲ್ಕನೇ ಸಾಲು ಕೇಳಲೇ ಇಲ್ಲ ಅಣ್ಣ" ಎಂದರು ಕಣ್ಣೊರೆಸಿಕೊಂಡು. "ಹೋದ ಸಲ ಅಲ್ಲೇ ಬಿದ್ದಿದ್ದು. ಅದನ್ನೇ ಜಾಸ್ತಿ ಓದಿದ್ದೆ."

"ಹೋಗ್ಲಿ ಬಿಡಿ. ಹಾಳೆ ಇದೆಯಲ್ಲ. ಮಗಳಿಗೆ ಹಸಿರು ಶಾಯಿ ತೋರಿಸಿ, ಸಾಕು."

ಆಕೆ ಹಾಳೆಯನ್ನು ನೋಡಿದರು. ಮಡಿಸಿ ಪರ್ಸಿನೊಳಗೆ, ನಿನ್ನೆಯ ಚೀಟಿಯ ಪಕ್ಕಕ್ಕೆ ಇಟ್ಟರು. ರೆಕಾರ್ಡಿನಿಂದ ಪ್ರಿಂಟ್‌ಔಟನ್ನು ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು, ಎಡಗಡೆಯ ಅಂಚು ಹಿಂದಕ್ಕೆ ಮಡಿಸಿದ್ದು ಹಾಗೇ ಇತ್ತು.

"ಹಾಳೆ ನೋಡಿ ಮೊದಲ ಸಲ ನಂಬಿದಳಲ್ಲ ಅಣ್ಣ ಅವಳು, ಕಾಪಿ ಅಂತ. ಈ ಸಲ ಹಾಳೆ ನೋಡಿ ನಂಬೋದು ಬೇಡ." ಸಂಕೋಚದಿಂದ ಕೈ ಮುಂದೆ ಮಾಡಿದರು. "ಒಂದು ಸಾಯಂಕಾಲಕ್ಕೆ ಸ್ಕೇಲು ಕೊಡ್ತೀರಾ? ಅವಳ ಕೈಗೆ ಕೊಡ್ತೀನಿ. ಅವಳೇ ಇಡಲಿ, ಅವಳೇ ಸರಿಸಲಿ."

ನಾನು ಕೊಟ್ಟೆ.